ಫೋನ್ ಬದಲಾಯಿಸಿದೆ: ಬ್ಯಾಂಕಿನ ಎಸ್‌ಎಂಎಸ್ ಎಲ್ಲಾ ಬಂತು, ಅಡಿಕೆ ವ್ಯಾಪಾರಿಯ ಜೊತೆಗಿನ ಮಾತು ಮಾತ್ರ ಅರ್ಧಂಬರ್ಧ ಬಂದಿದೆ. ಯಾಕೆ?

ತೋಟದಮನೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಹೊಸ ಆಂಡ್ರಾಯ್ಡ್ ಫೋನ್ ತಗೊಂಡೆ. ಹಳೆಯದೂ ಆಂಡ್ರಾಯ್ಡೇ. ಎರಡರಲ್ಲೂ ಫೋನ್ ಜೊತೆಗೇ ಬರುವ ಗೂಗಲ್ ಮೆಸೇಜಸ್ ಆಪ್. ಹಳೆ ಫೋನಿನಲ್ಲಿ ಎಸ್‌ಎಂಎಸ್ ಬ್ಯಾಕಪ್ ಮಾಡುವ ಆಪ್ ಹಾಕಿ, ಫೈಲ್ ತೆಗೆದು, ಹೊಸದರಲ್ಲಿ ರಿಸ್ಟೋರ್ ಕೊಟ್ಟೆ. ಬ್ಯಾಂಕು, ಗ್ಯಾಸು, ಕರೆಂಟ್ ಬಿಲ್ ಎಲ್ಲಾ ಹಳೇ ಮೆಸೇಜೂ ಬಂದವು.

ಆದರೆ ನನಗೆ ನಿಜವಾಗಿ ಬೇಕಾಗಿದ್ದು ನಮ್ಮ ಅಡಿಕೆ ಕೊಳ್ಳುವ ವ್ಯಾಪಾರಿಯ ಮೆಸೇಜುಗಳು. ರಾಶಿ ಎಷ್ಟು ಮೂಟೆ, ಬೆಟ್ಟೆ ಎಷ್ಟು, ತೂಕ, ಅವತ್ತಿನ ದರ, ಮುಂಗಡ ಎಷ್ಟು ಕೊಟ್ಟರು, ಎಲ್ಲಾ ಅದರಲ್ಲೇ ಇದೆ. ಆ ಸಂಭಾಷಣೆ ತೆಗೆದರೆ ಅಲ್ಲೊಂದು ಇಲ್ಲೊಂದು ಮೆಸೇಜ್ ಇದೆ. ನಾನು ಕೇಳಿದ ಪ್ರಶ್ನೆ ಇದೆ, ಅವರ ಉತ್ತರ ಇಲ್ಲ. ತೂಕದ ಚೀಟಿಯ ಫೋಟೋ ಒಂದೂ ಇಲ್ಲ. ಹೋದರೆ ಪೂರ್ತಿ ಹೋಗಬೇಕು, ಬಂದರೆ ಪೂರ್ತಿ ಬರಬೇಕು ಅಲ್ವಾ? ಒಂದೇ ಸಂಭಾಷಣೆಯಲ್ಲಿ ಅರ್ಧ ಬರೋದು ಹೇಗೆ?

ಹಳೇ ಫೋನ್ ಇನ್ನೂ ಮನೆಯಲ್ಲೇ ಇದೆ. ಮಗ ಅದನ್ನು ರೀಸೆಟ್ ಮಾಡಿ ಅಜ್ಜಿಗೆ ಕೊಡೋಣ ಅಂತಿದ್ದಾನೆ.

ಮೈಸೂರು ಮಲ್ಲಿಗೆ

ಮೊದಲು ಆ ರೀಸೆಟ್ ನಿಲ್ಲಿಸಿ ಸರ್. ಉಳಿದಿದ್ದು ಆಮೇಲೆ ಮಾತಾಡೋಣ. ಆ ಫೋನಿನಲ್ಲಿ ಮೆಸೇಜಸ್ ಆಪಿನ Clear storage ಕೂಡ ಯಾರೂ ಒತ್ತಬಾರದು.

ಹುಬ್ಬಳ್ಳಿ ಹುಡುಗ

ಅಣ್ಣಾ, ಅದು ಎನ್‌ಕ್ರಿಪ್ಶನ್ ತೊಂದರೆ. ಇಂಟರ್ನೆಟ್ ಮೇಲೆ ಹೋಗುವ ಆರ್‌ಸಿಎಸ್ ಚಾಟ್ ಬೀಗ ಹಾಕಿರುತ್ತೆ, ಬ್ಯಾಕಪ್ ಆಪಿಗೆ ಓದೋಕೆ ಆಗಲ್ಲ. ಎಸ್‌ಎಂಎಸ್‌ಗೆ ಬೀಗ ಇರಲ್ಲ, ಅದಕ್ಕೆ ಅದು ಬಂತು. ಇಷ್ಟೇ ವಿಷಯ.

ಮೈಸೂರು ಮಲ್ಲಿಗೆ

@ಹುಬ್ಬಳ್ಳಿ ಹುಡುಗ, ಆರ್‌ಸಿಎಸ್ ಅನ್ನೋದು ಸರಿ, ಕಾರಣ ಅದಲ್ಲ. ಬೀಗ ಇರೋದು ದಾರಿಯಲ್ಲಿ. ಒಂದು ಫೋನಿನಿಂದ ಹೊರಟು ಇನ್ನೊಂದು ಫೋನಿಗೆ ಸೇರೋವರೆಗೆ ಮಧ್ಯದಲ್ಲಿರುವ ಸರ್ವರ್ ಓದಬಾರದು ಅಂತ. ಫೋನಿಗೆ ಬಂದ ಮೇಲೆ ಆಪ್ ಅದನ್ನು ಬಿಚ್ಚಿ ತನ್ನ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತೆ. ಇಲ್ಲದಿದ್ದರೆ ನಾವು ಹಳೇ ಚಾಟ್ ಹುಡುಕೋಕೇ ಆಗ್ತಿರಲಿಲ್ಲ.

ವ್ಯತ್ಯಾಸ ಇರೋದು ಮೆಸೇಜು ಎಲ್ಲಿ ಕೂತಿದೆ ಅನ್ನೋದರಲ್ಲಿ. ಎಸ್‌ಎಂಎಸ್ ಮತ್ತು ಎಂಎಂಎಸ್ ಆಂಡ್ರಾಯ್ಡಿನದೇ ಸಾಮಾನ್ಯ ಉಗ್ರಾಣದಲ್ಲಿರುತ್ತವೆ. mmssms.db ಅಂತ ಒಂದೇ ಫೈಲು. ಅದು ಯಾವ ಮೆಸೇಜ್ ಆಪಿನ ಸ್ವತ್ತೂ ಅಲ್ಲ. ಎಸ್‌ಎಂಎಸ್ ಓದುವ ಅನುಮತಿ ನೀವು ಕೊಟ್ಟರೆ ಯಾವ ಆಪ್ ಬೇಕಾದರೂ ಅದನ್ನು ಓದಬಹುದು. ಬ್ಯಾಕಪ್ ಆಪ್ ಓದುವುದು ಅದನ್ನೇ. ಆರ್‌ಸಿಎಸ್ ಮೆಸೇಜುಗಳನ್ನು ಮಾತ್ರ ಗೂಗಲ್ ಮೆಸೇಜಸ್ ಆಪ್ ತನ್ನ ಸ್ವಂತ ಫೋಲ್ಡರಿನಲ್ಲಿ, bugle_db ಅನ್ನೋ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತೆ. ಒಂದು ಆಪಿನ ಸ್ವಂತ ಫೋಲ್ಡರಿನೊಳಗೆ ಇನ್ನೊಂದು ಆಪ್ ಕೈ ಹಾಕೋಕೆ ಆಂಡ್ರಾಯ್ಡ್ ಬಿಡಲ್ಲ. ಎನ್‌ಕ್ರಿಪ್ಶನ್ ಇಲ್ಲದ ಆರ್‌ಸಿಎಸ್ ಚಾಟಿಗೂ ಇದೇ ಗತಿ.

ನಮ್ಮ ಕಣ್ಣಿಗೆ ಎರಡೂ ಒಂದೇ ಪರದೆಯಲ್ಲಿ, ಒಂದರ ಕೆಳಗೊಂದು ಕಾಣುತ್ತವೆ. ಹಾಗಾಗಿ ಎರಡು ಕಡೆ ಇವೆ ಅನ್ನೋದು ಗೊತ್ತೇ ಆಗಲ್ಲ.

ಹುಬ್ಬಳ್ಳಿ ಹುಡುಗ

ಹಂಗಾದರೆ ಎನ್‌ಕ್ರಿಪ್ಶನ್ನಿಗೂ ಇದಕ್ಕೂ ಸಂಬಂಧನೇ ಇಲ್ಲ ಅಂತೀರೇನ್ರಿ? ಹೊಸ ಫೋನಿನಲ್ಲಿ ಲಾಗಿನ್ ಆದ ಕೂಡಲೇ ಮೇಲ್ ಎಲ್ಲಾ ಬರುತ್ತೆ. ಆರ್‌ಸಿಎಸ್ ಯಾಕೆ ಬರಲ್ಲ? ಅದಕ್ಕೆ ಎನ್‌ಕ್ರಿಪ್ಶನ್ನೇ ಕಾರಣ.

ಮೈಸೂರು ಮಲ್ಲಿಗೆ

ಅಷ್ಟು ಮಟ್ಟಿಗೆ ನೀವು ಹೇಳೋದು ಸರಿ. ಸರ್ವರಿನಿಂದ ಹಳೇ ಚಾಟ್ ವಾಪಸ್ ಇಳಿಯದಿರೋದಕ್ಕೆ ಅದು ಒಂದು ಕಾರಣ. ಇಬ್ಬರ ನಡುವಿನ ಚಾಟಿಗೆ 2021ರಲ್ಲಿ, ಆಮೇಲೆ 2023ರಲ್ಲಿ ಗುಂಪುಗಳಿಗೂ ಈ ಬೀಗ ಬಂತು. ಬೀಗದ ಕೈ ಇರೋದು ಫೋನಿನಲ್ಲಿ. ಸರ್ವರ್ ಕೆಲಸ ಮೆಸೇಜು ತಲುಪಿಸೋದು, ಮೇಲ್ ಥರ ವರ್ಷಗಟ್ಟಲೆ ಇಟ್ಟುಕೊಳ್ಳೋದಲ್ಲ. ಆದರೆ ತೋಟದಮನೆಯವರು ಸರ್ವರಿನಿಂದ ಕೇಳ್ತಿಲ್ಲ, ಫೋನಿನಿಂದ ಫೋನಿಗೆ ಸಾಗಿಸೋಕೆ ನೋಡಿದರು. ಅಲ್ಲಿ ಅಡ್ಡ ಬಂದದ್ದು ಮೆಸೇಜು ಕೂತಿರುವ ಜಾಗ.

ಬನಶಂಕರಿ ಭಟ್ಟ

ನನಗೂ ಹೀಗೇ ಆಗಿದೆ. ಓಟಿಪಿ ಮೆಸೇಜ್ ಎಲ್ಲಾ ಮಾಯ. ಬ್ಯಾಕಪ್ಪಿನಲ್ಲೂ ಇಲ್ಲ, ಫೋನಿನಲ್ಲೂ ಇಲ್ಲ. ಆರ್‌ಸಿಎಸ್ ಆಫ್ ಮಾಡಿದರೂ ದಿನಾ ಹೋಗ್ತಾನೇ ಇವೆ.

ಕಡಲತಡಿ

ಭಟ್ಟರೇ, ಅದು ಬೇರೆ ವಿಷಯ. ಮೆಸೇಜಸ್ ಆಪಿನ ಸೆಟ್ಟಿಂಗಿನಲ್ಲಿ ಓಟಿಪಿಯನ್ನು 24 ಗಂಟೆ ಆದ ಮೇಲೆ ತಾನಾಗೇ ಅಳಿಸುವ ಆಯ್ಕೆ ಇದೆ. ಯಾವಾಗಲೋ ಕೇಳಿದಾಗ ಸರಿ ಅಂತ ಒತ್ತಿರ್ತೀರಿ. ಅದನ್ನು ಆಫ್ ಮಾಡಿ.

ಬನಶಂಕರಿ ಭಟ್ಟ

ಸಿಕ್ತು. ಆನ್ ಇತ್ತು. ಧನ್ಯವಾದ.

ಸ್ಮಾರ್ಟ್ ಶಿವಣ್ಣ

ಇಷ್ಟೆಲ್ಲಾ ಯಾಕೆ? ನಾನು ಸ್ಯಾಮ್ಸಂಗ್ ಸ್ಮಾರ್ಟ್ ಸ್ವಿಚ್‌ನಲ್ಲಿ ಕಳೆದ ಸಲ ಎಲ್ಲಾ ಮೆಸೇಜು ದಾಟಿಸಿದೆ. ಒಂದೂ ಬಿಟ್ಟು ಹೋಗಿಲ್ಲ. ಬ್ಯಾಕಪ್ ಆಪ್ ಸರಿಯಿಲ್ಲ ಅಷ್ಟೇ.

ಕಡಲತಡಿ

ಶಿವಣ್ಣ, ನಿಮ್ಮ ಹಳೇ ಫೋನಿನಲ್ಲಿ RCS chats ಆನ್ ಇತ್ತಾ?

ಸ್ಮಾರ್ಟ್ ಶಿವಣ್ಣ

ಇಲ್ಲ, ನಾನು ಅದನ್ನು ಯಾವತ್ತೂ ಆನ್ ಮಾಡಿಲ್ಲ. ಜಾಹೀರಾತು ಬರುತ್ತೆ ಅಂತ.

ಕಡಲತಡಿ

ಅದಕ್ಕೇ ಒಂದೂ ಬಿಟ್ಟು ಹೋಗಿಲ್ಲ. ನಿಮ್ಮವೆಲ್ಲಾ ಬರೀ ಎಸ್‌ಎಂಎಸ್.

ತೋಟದಮನೆ (ತೀರ್ಥಹಳ್ಳಿ)

ರೀಸೆಟ್ ನಿಲ್ಲಿಸಿದ್ದೇನೆ. ಮಗನಿಗೂ ಹೇಳಿದ್ದೇನೆ. ಆದರೆ ನಾನೂ ವ್ಯಾಪಾರಿಯೂ ಇಬ್ಬರೂ ಆರ್‌ಸಿಎಸ್‌ನಲ್ಲಿದ್ದರೆ ಎಲ್ಲಾ ಮೆಸೇಜೂ ಆರ್‌ಸಿಎಸ್ ಆಗಿರಬೇಕಲ್ಲ? ಹಾಗಾದರೆ ಆ ಅರ್ಧ ಹೇಗೆ ಬಂತು? ನಾನು ಒಂದಕ್ಕೂ ಎಸ್‌ಎಂಎಸ್ ಅಂತ ಆರಿಸಿ ಕಳಿಸಿಲ್ಲ.

ಮೈಸೂರು ಮಲ್ಲಿಗೆ

ನೀವು ಆರಿಸಬೇಕಾಗಿಲ್ಲ, ಆಪ್ ಆರಿಸುತ್ತೆ. ಆರ್‌ಸಿಎಸ್ ಹೋಗೋದು ಇಂಟರ್ನೆಟ್ ಮೇಲೆ. ಇಬ್ಬರಲ್ಲಿ ಒಬ್ಬರಿಗೆ ಡೇಟಾ ಇಲ್ಲದಿದ್ದರೆ ಮೆಸೇಜು ಕೂತುಬಿಡುತ್ತೆ. ಆಗ ಅದನ್ನು ಎಸ್‌ಎಂಎಸ್ ಆಗಿ ತಾನೇ ಮತ್ತೆ ಕಳಿಸುವ ಆಯ್ಕೆ RCS chats ಪುಟದಲ್ಲೇ ಇದೆ. ತೋಟದಲ್ಲಿ ನಿಮಗೆ ಡೇಟಾ ಸಿಗುತ್ತಾ?

ತೋಟದಮನೆ (ತೀರ್ಥಹಳ್ಳಿ)

ಗುಡ್ಡ ಹತ್ತಿದರೆ ಸಿಗುತ್ತೆ. ಮನೆಯಲ್ಲಿ ವೈಫೈ ಇದೆ. ತೋಟದಲ್ಲಿ, ಅಡಿಕೆ ಬೇಯಿಸುವ ಒಲೆ ಹತ್ತಿರ ಬರೀ ಕರೆ ಹೋಗುತ್ತೆ, ಅದೂ ಒಂದು ಕಡ್ಡಿಯಲ್ಲಿ.

ಮೈಸೂರು ಮಲ್ಲಿಗೆ

ಹಾಗಾದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಹಳೇ ಫೋನಿನಲ್ಲಿ ಅದೇ ಸಂಭಾಷಣೆ ತೆಗೀರಿ. ಹೊಸ ಫೋನಿಗೆ ಬಂದಿರುವ ಒಂದು ಮೆಸೇಜನ್ನು ಒತ್ತಿ ಹಿಡಿದು, ಮೂರು ಚುಕ್ಕಿಯಲ್ಲಿ View details ನೋಡಿ. ಅದು ಯಾವ ಬಗೆಯದು ಅಂತ ಬರೆದಿರುತ್ತೆ. ಆಮೇಲೆ ಬಾರದೇ ಇರುವ ಒಂದನ್ನು ಹಾಗೇ ನೋಡಿ.

ಮನೆಯಲ್ಲಿ ಕಂಪ್ಯೂಟರ್ ಇದ್ದು, ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡುವ ಎಡಿಬಿ ಮಗನಿಗೆ ಗೊತ್ತಿದ್ದರೆ ಇನ್ನೊಂದು. ಹಳೇ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ, ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಇದನ್ನು ಕೊಡಿ. ಕೊನೆಯ 43210 ಜಾಗದಲ್ಲಿ ವ್ಯಾಪಾರಿ ನಂಬರಿನ ಕೊನೆಯ ಐದು ಅಂಕಿ ಹಾಕಬೇಕು.

```
adb shell "content query --uri content://sms --projection address | grep -c 43210"
```

ಸಾಮಾನ್ಯ ಉಗ್ರಾಣದಲ್ಲಿ ಆ ನಂಬರಿನ ಎಸ್‌ಎಂಎಸ್ ಎಷ್ಟಿವೆ ಅಂತ ಎಣಿಸಿ ಹೇಳುತ್ತೆ. ಏನನ್ನೂ ಬದಲಾಯಿಸಲ್ಲ, ಬರೀ ಓದುತ್ತೆ. ಪರದೆಯಲ್ಲಿ ಕಾಣೋ ಮೆಸೇಜುಗಳಿಗಿಂತ ಆ ಸಂಖ್ಯೆ ತುಂಬಾ ಕಡಿಮೆ ಬಂದರೆ ಉಳಿದವು ಬ್ಯಾಕಪ್ ಆಪಿನ ಕಣ್ಣಿಗೇ ಬಿದ್ದಿಲ್ಲ ಅಂತ.

ಗೋಧೂಳಿ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಎಸ್‌ಎಂಎಸ್ ಆಗಿ ಹೋದರೆ ಕನ್ನಡದಲ್ಲಿ ಬರೆಯೋರಿಗೆ ಪ್ಯಾಕ್ ಬೇಗ ಖಾಲಿ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡ ಬಂದ ಕೂಡಲೇ 70. ಅದೂ ನಾವು ಎಣಿಸುವ ಅಕ್ಷರ ಅಲ್ಲ, ಒತ್ತು ಗುಣಿತ ಎಲ್ಲಾ ಬಿಡಿಬಿಡಿ. "ಅಡಿಕೆ" ಅಂತ ಬರೆದರೆ ಮೂರಲ್ಲ, ಐದು. "ಕ್ಷಾ" ಒಂದಕ್ಕೇ ನಾಲ್ಕು. 70 ದಾಟಿದರೆ ತುಂಡಾಗುತ್ತೆ, ಆಗ ತುಂಡಿಗೆ 67 ಮಾತ್ರ. ದಿನಕ್ಕೆ 100 ಎಸ್‌ಎಂಎಸ್ ಇರುವ ಪ್ಯಾಕಿನಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ನಾಲ್ಕೈದು ಹೋಗುತ್ತೆ. ಆರ್‌ಸಿಎಸ್‌ನಲ್ಲಿ ಈ ಲೆಕ್ಕವೇ ಇಲ್ಲ. ಅದಕ್ಕೇ ನಾನು ಅದನ್ನು ಬಿಡಲ್ಲ, ಬ್ಯಾಕಪ್ ಕಷ್ಟ ಆದರೂ.

ಹುಬ್ಬಳ್ಳಿ ಹುಡುಗ

ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮವ್ವ ಕನ್ನಡದಾಗೇ ಬರೀತಾಳೆ.

ರಾಜಾಜಿನಗರ ರಾಘು

ವಾಟ್ಸಾಪ್ ಬಳಸಿ ಸ್ವಾಮಿ. ಅದರಲ್ಲಿ ಬ್ಯಾಕಪ್ ಬಟನ್ ಇದೆ, ಮುಗೀತು.

ಮೈಸೂರು ಮಲ್ಲಿಗೆ

ಅದೂ ಇದೇ ಥರದ್ದು ರಾಘು. ವಾಟ್ಸಾಪ್ ಮೆಸೇಜು ಕೂಡ ಅದರ ಸ್ವಂತ ಡೇಟಾಬೇಸಿನಲ್ಲೇ ಇರೋದು, ಬೇರೆ ಆಪ್ ಮುಟ್ಟೋಕೆ ಆಗಲ್ಲ. ಆದರೆ ಅವರು ತಮ್ಮದೇ ಬ್ಯಾಕಪ್ ವ್ಯವಸ್ಥೆ ಮಾಡಿದ್ದಾರೆ, ಒಂದು ಚಾಟನ್ನು ಫೈಲ್ ಆಗಿ ಹೊರಗೆ ಕಳಿಸೋಕೂ ದಾರಿ ಕೊಟ್ಟಿದ್ದಾರೆ. ಮೆಸೇಜನ್ನು ತನ್ನೊಳಗೆ ಇಟ್ಟುಕೊಳ್ಳುವ ಆಪ್ ಅದನ್ನು ಹೊರಗೆ ಕೊಡುವ ಜವಾಬ್ದಾರಿಯನ್ನೂ ಹೊರಬೇಕು. ನನ್ನ ತಕರಾರು ಇರೋದೇ ಅಲ್ಲಿ. ಫೋನ್ ಜೊತೆ ಬರುವ ಆಪಿನಲ್ಲಿ, ಎಸ್‌ಎಂಎಸ್ ಪಕ್ಕದಲ್ಲೇ ಕಾಣುವ ಮೆಸೇಜಿಗೆ ಎಸ್‌ಎಂಎಸ್‌ಗಿರುವ ರಕ್ಷಣೆ ಇಲ್ಲ ಅನ್ನೋದನ್ನು ಜನರಿಗೆ ಮುಂಚೆಯೇ ಹೇಳಬೇಕು.

ಸಾಗರದ ಸುಮಾ

ನನ್ನದು ಇನ್ನೂ ಬೇಜಾರಿನ ಕಥೆ. ಆರ್‌ಸಿಎಸ್ Setting up ಅಂತಲೇ ನಿಂತುಬಿಟ್ಟಿತ್ತು. ಒಂದು ಮೊಬೈಲ್ ಅಂಗಡಿಗೆ ತೋರಿಸಿದೆ. ಹುಡುಗ ನನ್ನನ್ನು ಒಂದು ಮಾತೂ ಕೇಳದೆ ಆಪ್ ಇನ್ಫೋಗೆ ಹೋಗಿ Clear storage ಒತ್ತಿದ. ಆಪ್ ತೆರೆದರೆ ಮೊದಲು ಖಾಲಿ, ಸ್ವಲ್ಪ ಹೊತ್ತಿಗೆ ಮೆಸೇಜುಗಳು ಒಂದೊಂದಾಗಿ ಬರೋಕೆ ಶುರುವಾದವು. "ನೋಡಿ ಮೇಡಂ, ಎಲ್ಲಾ ಬಂತು" ಅಂದ. ಮನೆಗೆ ಬಂದು ನೋಡಿದರೆ ಅಕ್ಕನ ಜೊತೆಗಿನ ಚಾಟ್ ಇಲ್ಲ. ಬಂದದ್ದು ಎಸ್‌ಎಂಎಸ್ ಮಾತ್ರ. ಅವತ್ತು ಯಾಕೆ ಅಂತ ತಿಳಿಯಲೇ ಇಲ್ಲ. ಈಗ ಇಲ್ಲಿ ಓದಿದ ಮೇಲೆ ಅರ್ಥ ಆಯ್ತು, ಸಾಮಾನ್ಯ ಉಗ್ರಾಣದಲ್ಲಿದ್ದದ್ದು ವಾಪಸ್ ತುಂಬಿಕೊಂಡಿದೆ, ಆಪಿನೊಳಗಿದ್ದದ್ದು ಅಳಿಸಿಹೋಗಿದೆ.

ಅದನ್ನು ವಾಪಸ್ ತರೋಕೆ ಏನಾದರೂ ದಾರಿ ಇದೆಯಾ?

ಮೈಸೂರು ಮಲ್ಲಿಗೆ

ನಿಮ್ಮ ಫೋನಿನಲ್ಲಿ ಇಲ್ಲ ಸುಮಾ ಅವರೇ, ಬೇಸರದಿಂದಲೇ ಹೇಳ್ತಿದ್ದೀನಿ. ಆದರೆ ಚಾಟಿಗೆ ಎರಡು ತುದಿ ಇರುತ್ತೆ. ನಿಮ್ಮ ಅಕ್ಕ ಅದೇ ಫೋನ್ ಬಳಸ್ತಿದ್ದರೆ ಅವರ ಹತ್ತಿರ ಪೂರ್ತಿ ಇರಬೇಕು. ಅವರು ಫೋನ್ ಬದಲಾಯಿಸೋ ಮುಂಚೆ ಇವತ್ತೇ ಕೇಳಿ.

ಸಾಗರದ ಸುಮಾ

ಅಕ್ಕನದು ಹಳೇ ಫೋನೇ! ಈಗಲೇ ಫೋನ್ ಮಾಡ್ತೀನಿ.

ತೋಟದಮನೆ (ತೀರ್ಥಹಳ್ಳಿ)

ಪರೀಕ್ಷೆ ಮಾಡಿದೆವು. ಮಲ್ಲಿಗೆ ಮೇಡಂ ಹೇಳಿದಂತೆಯೇ ಇದೆ. ಬಂದಿರುವ ಮೆಸೇಜೆಲ್ಲಾ ಎಸ್‌ಎಂಎಸ್, ಬಾರದ್ದೆಲ್ಲಾ ಆರ್‌ಸಿಎಸ್. ಮಗ ಆ ಕಮಾಂಡನ್ನೂ ಕೊಟ್ಟ. 37 ಅಂತ ಬಂತು. ಪರದೆ ಮೇಲೆ ಸರಿಸಿದರೆ ಮುಗಿಯೋದೇ ಇಲ್ಲ, ಕಡಿಮೆ ಅಂದರೂ ಇನ್ನೂರರ ಮೇಲಿದೆ.

ಅವನು ಬ್ಯಾಕಪ್ ಫೈಲನ್ನೂ ಕಂಪ್ಯೂಟರಿನಲ್ಲಿ ತೆರೆದು ನೋಡಿದ. ಒಂದು ಸಾಲು ಹೀಗಿದೆ, ನಂಬರ್ ಮುಚ್ಚಿದ್ದೇನೆ.

```
<sms address="+91XXXXXXXXXX" date="1731658200000" type="1" body="ನಾಳೆ ಲಾರಿ ಬರುತ್ತೆ" />
```

ಆ ಉದ್ದದ ಅಂಕಿ ಏನು?

ಕಡಲತಡಿ

1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡು. ಇದು 2024ರ ನವೆಂಬರ್ 15, ನಮ್ಮ ಸಮಯ ಮಧ್ಯಾಹ್ನ 1:40. type 1 ಅಂದರೆ ನಿಮಗೆ ಬಂದದ್ದು, 2 ಅಂದರೆ ನೀವು ಕಳಿಸಿದ್ದು. ಈ ದಿನಾಂಕ ಹಿಡಿದು ಹಳೇ ಫೋನಿನಲ್ಲಿ ಅದರ ಹಿಂದೆ ಮುಂದೆ ಏನಿದೆ ನೋಡಿ.

ತೋಟದಮನೆ (ತೀರ್ಥಹಳ್ಳಿ)

ನೋಡಿದೆ. ಅವತ್ತು ಬೆಳಿಗ್ಗೆ ಮನೆಯಲ್ಲಿದ್ದಾಗ ರಾಶಿ, ಗೊರಬಲು ಎಷ್ಟೆಷ್ಟು ಮೂಟೆ ಅಂತ ನಾನು ಬರೆದದ್ದು, ಅವರು ದರ ಹೇಳಿದ್ದು, ಎಲ್ಲಾ ಆರ್‌ಸಿಎಸ್. ಮಧ್ಯಾಹ್ನ ತೋಟದಲ್ಲಿದ್ದೆ, ಲಾರಿ ಬರುತ್ತೆ ಅನ್ನೋದು ಎಸ್‌ಎಂಎಸ್. ಸಂಜೆ ತೂಕದ ಚೀಟಿಯ ಫೋಟೋ ಬಂದದ್ದು ಮತ್ತೆ ಆರ್‌ಸಿಎಸ್. ಬ್ಯಾಕಪ್ ಫೈಲಿನಲ್ಲಿ ಇರೋದು ಲಾರಿ ಒಂದೇ! ದರವೂ ಇಲ್ಲ, ತೂಕವೂ ಇಲ್ಲ. ಡೇಟಾ ಇಲ್ಲದ ಹೊತ್ತಿನ ಮಾತು ಮಾತ್ರ ಉಳಿದಿದೆ.

ಈಗ ಹಳೇ ಫೋನಿನಿಂದ ತೆಗೆಯೋದು ಹೇಗೆ? ಸಿಮ್ ಹೊಸದಕ್ಕೆ ಹಾಕಿಯಾಗಿದೆ.

ಮೈಸೂರು ಮಲ್ಲಿಗೆ

ಸಿಮ್ ತೆಗೆದರೂ ಹಳೇ ಮೆಸೇಜು ಆಪಿನಲ್ಲಿ ಹಾಗೇ ಇರುತ್ತವೆ, ಓದೋಕೆ ತೊಂದರೆ ಇಲ್ಲ. ಲೆಕ್ಕಕ್ಕೆ ಬೇಕಾದ್ದು ಅಂದಿರಿ, ಹಾಗಾಗಿ ಮೊದಲು ಫೋಟೋಗಳು. ಸಂಭಾಷಣೆಯ ಒಳಗೆ ಮೇಲಿನ ಮೆನುವಿನಿಂದ ಅದರ ವಿವರಕ್ಕೆ ಹೋದರೆ ಬಂದ ಚಿತ್ರಗಳೆಲ್ಲಾ ಒಟ್ಟಿಗೆ ಕಾಣುತ್ತವೆ. ಒಂದೊಂದಾಗಿ ತೆರೆದು ಸೇವ್ ಮಾಡಿ. ಗ್ಯಾಲರಿಗೆ ಬಂದ ಮೇಲೆ ಅವು ಸಾಮಾನ್ಯ ಫೋಟೋ, ಹೇಗೆ ಬೇಕಾದರೂ ಸಾಗಿಸಬಹುದು.

ಅಕ್ಷರದ ಮೆಸೇಜಿಗೆ ಉದ್ದ ಸ್ಕ್ರೀನ್‌ಶಾಟ್. ಆಂಡ್ರಾಯ್ಡ್ 12ರಿಂದ ಈಚೆಗೆ ಸ್ಕ್ರೀನ್‌ಶಾಟ್ ತೆಗೆದ ಕೂಡಲೇ Capture more ಅಂತ ಬರುತ್ತೆ, ಅದನ್ನು ಎಳೆದರೆ ಒಂದೇ ಚಿತ್ರದಲ್ಲಿ ಹಲವು ಪರದೆ ಹಿಡಿಯುತ್ತೆ. ದಿನಾಂಕ ಕಾಣುವಂತೆ ತೆಗೀರಿ. ದರ ಮತ್ತು ಮುಂಗಡದ ಮೆಸೇಜುಗಳ ಗಂಟೆ ನಿಮಿಷವೂ ಬೇಕೆಂದರೆ ಆ ಮೆಸೇಜನ್ನು ಒಮ್ಮೆ ಮುಟ್ಟಿ, ಸಮಯ ತೋರಿಸುತ್ತೆ. ನಾಳೆ ಲೆಕ್ಕದಲ್ಲಿ ಮಾತು ಬಂದರೆ ಅದೇ ಆಧಾರ.

ಕುವೈತ್ ಕನ್ನಡಿಗ

ಇಷ್ಟು ಕಷ್ಟ ಯಾಕೆ? ಹೊಸ ಫೋನ್ ರೀಸೆಟ್ ಮಾಡಿ, ಮೊದಲ ಸಲ ಸೆಟಪ್ ಮಾಡುವಾಗ ಎರಡೂ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಕಾಪಿ ಮಾಡಿ. ನಾನು ಹಾಗೇ ಮಾಡಿದೆ, ಆರ್‌ಸಿಎಸ್ ಮೆಸೇಜು ಬಂದವು. ಫೋಟೋಗಳಲ್ಲಿ ಕೆಲವು ಬರಲಿಲ್ಲ, ಗುಂಪಿನ ಚಾಟ್ ಸ್ವಲ್ಪ ಚೆಲ್ಲಾಪಿಲ್ಲಿ ಆಯ್ತು. ಮೆಸೇಜಿನ ಅಕ್ಷರ ಮಾತ್ರ ಇತ್ತು.

ಗೋಧೂಳಿ

ನಾನೂ ಕೇಬಲ್‌ನಲ್ಲೇ ಮಾಡಿದ್ದು. ನನಗೆ ಆರ್‌ಸಿಎಸ್ ಒಂದೂ ಬರಲಿಲ್ಲ. ಎಸ್‌ಎಂಎಸ್ ಮಾತ್ರ.

ಕುವೈತ್ ಕನ್ನಡಿಗ

ನನಗೆ ಬಂದದ್ದಂತೂ ಖಂಡಿತ. ಒಂದು ವಿಚಿತ್ರ ಅಂದರೆ ಬಂದ ಮೇಲೆ ವಿವರ ನೋಡಿದರೆ ಅವು ಆರ್‌ಸಿಎಸ್ ಅಂತ ತೋರಿಸಲಿಲ್ಲ, ಎಂಎಂಎಸ್ ಅಂತಿತ್ತು. ಮೆಸೇಜಿಗೆ ಹಾಕಿದ್ದ ಹೃದಯ, ಹೆಬ್ಬೆರಳು ಎಲ್ಲಾ ಹೋಗಿದ್ದವು.

ಕಡಲತಡಿ

ಸಾಮಾನ್ಯ ಉಗ್ರಾಣದಲ್ಲಿ ಇರೋದು ಎಸ್‌ಎಂಎಸ್, ಎಂಎಂಎಸ್ ಎರಡೇ ಕಪಾಟು. ಆರ್‌ಸಿಎಸ್‌ಗೆ ಅಂತ ಕಪಾಟೇ ಇಲ್ಲ. ಅದನ್ನು ಅಲ್ಲಿಗೆ ತುಂಬಿದರೆ ಎಂಎಂಎಸ್ ವೇಷದಲ್ಲೇ ತುಂಬಬೇಕು. ಮೆಸೇಜಿಗೆ ಹಾಕಿದ ಪ್ರತಿಕ್ರಿಯೆಗೆ ಅಲ್ಲಿ ಜಾಗ ಇಲ್ಲ.

ಇನ್ನೊಂದು, ಆ ಉಗ್ರಾಣಕ್ಕೆ ಬರೆಯುವ ಹಕ್ಕು ಡೀಫಾಲ್ಟ್ ಎಸ್‌ಎಂಎಸ್ ಆಪಿಗೆ ಮಾತ್ರ. ಆಂಡ್ರಾಯ್ಡ್ 4.4ರಿಂದ, ಅಂದರೆ 2013ರಿಂದ ಹೀಗಿದೆ. ರಿಸ್ಟೋರ್ ಮಾಡುವಾಗ ಬ್ಯಾಕಪ್ ಆಪ್ "ನನ್ನನ್ನು ಸ್ವಲ್ಪ ಹೊತ್ತು ಡೀಫಾಲ್ಟ್ ಮಾಡಿ" ಅಂತ ಕೇಳೋದು ಅದಕ್ಕೇ. ಮುಗಿದ ಮೇಲೆ ಗೂಗಲ್ ಮೆಸೇಜಸ್‌ಗೆ ವಾಪಸ್ ಕೊಡೋಕೆ ಮರೀಬೇಡಿ.

ಮೈಸೂರು ಮಲ್ಲಿಗೆ

@ಕುವೈತ್ ಕನ್ನಡಿಗ @ಗೋಧೂಳಿ, ಇಬ್ಬರೂ ಆಂಡ್ರಾಯ್ಡ್ ಆವೃತ್ತಿ ಮತ್ತು ಫೋನ್ ಯಾವುದು ಅಂತ ಹಾಕಿ. ಕೇಬಲ್ ಕಾಪಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ ಆಗೋದನ್ನು ನಾನೂ ಕೇಳಿದ್ದೇನೆ. ಆದ್ದರಿಂದ ಅದನ್ನು ನಂಬಿ ಹಳೇ ಫೋನ್ ಅಳಿಸಬಾರದು ಅನ್ನೋದು ನನ್ನ ಅಭಿಪ್ರಾಯ. ಕಾಪಿ ಆದ ಮೇಲೆ ಹಳೇದೊಂದು ಆರ್‌ಸಿಎಸ್ ಮೆಸೇಜನ್ನು, ಫೋಟೋ ಇರುವುದನ್ನೇ ಆರಿಸಿ, ಹೊಸ ಫೋನಿನಲ್ಲಿ ಹುಡುಕಿ. ಸಿಕ್ಕಿ, ಫೋಟೋ ತೆರೆದರೆ ಮಾತ್ರ ಮುಂದಿನ ಹೆಜ್ಜೆ.

ಸೆಟ್ಟಿಂಗ್ಸ್‌ನಲ್ಲಿರುವ ಗೂಗಲ್ ಬ್ಯಾಕಪ್ಪಿಗೂ ಇದೇ ಮಾತು. ಅಲ್ಲಿ ಮೆಸೇಜಿನ ಸಾಲಿನಲ್ಲಿ ಏನೇನು ಹೆಸರಿಸಿದೆ ಅಂತ ಓದಿ. SMS & MMS ಅಂತಷ್ಟೇ ಇದ್ದರೆ ಅಷ್ಟನ್ನೇ ನಂಬಿ.

ದಾವಣಗೆರೆ ಬೆಣ್ಣೆ

ನನ್ನದೊಂದು ಪ್ರಶ್ನೆ. ಅಪ್ಪನ ಸಿಮ್ಮನ್ನು ಬಟನ್ ಫೋನಿಗೆ ಹಾಕಿಕೊಟ್ಟೆವು. ಅಂದಿನಿಂದ ನಾನು ಕಳಿಸಿದ ಮೆಸೇಜು ಅಪ್ಪನಿಗೆ ಹೋಗ್ತಿಲ್ಲ. ತಮ್ಮ ಕಳಿಸಿದರೆ ಹೋಗುತ್ತೆ. ಇದೂ ಆರ್‌ಸಿಎಸ್ ಕಾಟನಾ?

ಕಡಲತಡಿ

ಹೌದು, ಬಹುತೇಕ ಅದೇ. ಅಪ್ಪನ ನಂಬರು ಇನ್ನೂ ಆರ್‌ಸಿಎಸ್‌ನಲ್ಲಿ ನೋಂದಣಿಯಾಗಿದೆ. ನಿಮ್ಮ ಫೋನು ಅದಕ್ಕೆ ಆರ್‌ಸಿಎಸ್ ಕಳಿಸ್ತಿದೆ, ಬಟನ್ ಫೋನಿಗೆ ಅದು ಗೊತ್ತಾಗಲ್ಲ. ತಮ್ಮನ ಫೋನಿನಲ್ಲಿ ಆರ್‌ಸಿಎಸ್ ಆಫ್ ಇರಬೇಕು. messages.google.com/disable-chat ಪುಟಕ್ಕೆ ಹೋಗಿ ಅಪ್ಪನ ನಂಬರ್ ಹಾಕಿ, ಬಟನ್ ಫೋನಿಗೆ ಎಸ್‌ಎಂಎಸ್‌ನಲ್ಲಿ ಕೋಡ್ ಬರುತ್ತೆ, ಅದನ್ನು ಕೊಟ್ಟರೆ ನೋಂದಣಿ ತೆಗೆದುಹಾಕುತ್ತಾರೆ. ಸಿಮ್ ತೆಗೆಯೋ ಮುಂಚೆಯೇ ಹಳೇ ಫೋನಿನಲ್ಲಿ RCS chats ಆಫ್ ಮಾಡಿದ್ದರೆ ಇದು ಬೇಕಾಗ್ತಿರಲಿಲ್ಲ.

ದಾವಣಗೆರೆ ಬೆಣ್ಣೆ

ಮಾಡಿದೆ. ಕೋಡ್ ಬಂತು, ಕೊಟ್ಟೆ. ಈಗ ಕಳಿಸುವ ಜಾಗದಲ್ಲಿ Text message ಅಂತ ತೋರಿಸ್ತಿದೆ. ಅಪ್ಪನಿಗೆ ಮೆಸೇಜೂ ತಲುಪಿತು.

ರಾಜಾಜಿನಗರ ರಾಘು

ಹಾಗಾದರೆ ಲೆಕ್ಕದ ಮೆಸೇಜು ಕಳಿಸೋರು ಆರ್‌ಸಿಎಸ್ ಆಫ್ ಮಾಡಿ ಎಸ್‌ಎಂಎಸ್ ಮಾತ್ರ ಬಳಸೋದು ಒಳ್ಳೇದಲ್ವಾ?

ಗೋಧೂಳಿ

ತೂಕದ ಚೀಟಿ ಫೋಟೋ ಎಸ್‌ಎಂಎಸ್‌ನಲ್ಲಿ ಹೋಗಲ್ಲ ರಾಘು. ಎಂಎಂಎಸ್ ಮಾಡಿದರೆ ಚಿತ್ರ ಕುಗ್ಗಿ ಅಂಕಿಯೇ ಓದೋಕಾಗಲ್ಲ. ದುಡ್ಡೂ ಹೋಗುತ್ತೆ.

ಮೈಸೂರು ಮಲ್ಲಿಗೆ

ದಾರಿಯಲ್ಲಿ ಯಾರೂ ಓದಬಾರದು ಅನ್ನೋದಕ್ಕೂ ಎಸ್‌ಎಂಎಸ್‌ನಲ್ಲಿ ಏನೂ ರಕ್ಷಣೆ ಇಲ್ಲ. ನಾನಾದರೆ ಆರ್‌ಸಿಎಸ್ ಇಟ್ಟುಕೊಂಡು, ದರ ಮತ್ತು ಮುಂಗಡದ ಮೆಸೇಜನ್ನು ಬಂದ ದಿನವೇ ಲೆಕ್ಕದ ಪುಸ್ತಕಕ್ಕೆ ಏರಿಸಿ, ಚೀಟಿಯ ಫೋಟೋವನ್ನು ಅವತ್ತೇ ಗ್ಯಾಲರಿಗೆ ಸೇವ್ ಮಾಡ್ತೀನಿ. ರಾಘು ಹೇಳಿದ್ದನ್ನು ತಪ್ಪು ಅನ್ನಲ್ಲ, ಫೋಟೋ ಇಲ್ಲದ ವ್ಯವಹಾರಕ್ಕೆ ಅದು ಸರಿ ಹೋಗಬಹುದು.

ಸಾಗರದ ಸುಮಾ

ಅಕ್ಕನ ಫೋನಿನಲ್ಲಿ ಚಾಟ್ ಪೂರ್ತಿ ಇದೆಯಂತೆ! ಸ್ಕ್ರೀನ್‌ಶಾಟ್ ತೆಗೆದು ಕಳಿಸ್ತಿದ್ದಾಳೆ. ಅವಳ ಫೋನು ಆಂಡ್ರಾಯ್ಡ್ 11, ಉದ್ದ ಸ್ಕ್ರೀನ್‌ಶಾಟಿನ ಆಯ್ಕೆ ಕಾಣಿಸ್ತಿಲ್ಲ, ಪರದೆಗೊಂದು ತೆಗೀತಿದ್ದಾಳೆ.

ತೋಟದಮನೆ (ತೀರ್ಥಹಳ್ಳಿ)

ಚೀಟಿಯ ಫೋಟೋಗಳು ಗ್ಯಾಲರಿಗೆ ಬಂದವು. ಮೂರು ಮಾತ್ರ ತೆರೆಯುತ್ತಿಲ್ಲ, ಮಸುಕಾಗಿ ಕಾಣುತ್ತೆ, ಒತ್ತಿದರೆ ಡೌನ್‌ಲೋಡ್ ಆಗಲ್ಲ ಅನ್ನುತ್ತೆ. ಬಂದಾಗ ನಾನು ತೆರೆದೇ ನೋಡಿರಲಿಲ್ಲ ಅನ್ನಿಸುತ್ತೆ.

ಕಡಲತಡಿ

ಆಗ ಅವು ಫೋನಿಗೆ ಪೂರ್ತಿ ಇಳಿದೇ ಇಲ್ಲ. ಫೋಟೋವನ್ನು ಸರ್ವರ್ ಸ್ವಲ್ಪ ಕಾಲ ಮಾತ್ರ ಇಟ್ಟುಕೊಳ್ಳುತ್ತೆ. ವ್ಯಾಪಾರಿಯ ಫೋನಿನಲ್ಲಿ ಮೂಲ ಇರುತ್ತೆ, ಆ ದಿನಾಂಕ ಹೇಳಿ ಮತ್ತೆ ಕಳಿಸೋಕೆ ಕೇಳಿ.

ತೋಟದಮನೆ (ತೀರ್ಥಹಳ್ಳಿ)

ಸೋಮವಾರ ಮಂಡಿಗೆ ಹೋಗ್ತೀನಿ, ಅಲ್ಲೇ ಕೇಳ್ತೀನಿ. ಅಲ್ಲಿಯವರೆಗೆ ಹಳೇ ಫೋನು ಬೀರುವಿನಲ್ಲಿರುತ್ತೆ.